ಹತ್ತೊಂಬತ್ತು ಇಂಚಿನ ಭುಜ

ನನ್ನ ಗಂಡ ಕುಳ್ಳ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ನೋಡಿದವರೆಲ್ಲ ಮೊದಲು ಹೇಳುವುದು ಅದನ್ನೇ. ಮುರುಗೇಶ್ ಐದಡಿ ಒಂದಿಂಚು, ನಾನು ಐದಡಿ ಐದು. ಆದರೆ ಅವರ ಭುಜ ನೋಡಬೇಕು. ಹರೆಯದಲ್ಲಿ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಬೆಳೆದ ಭುಜ. ಎದುರಿನಿಂದ ಬಂದರೆ ಬಾಗಿಲು ತುಂಬುತ್ತದೆ, ಮೇಲೆ ಮಾತ್ರ ಜಾಗ ಉಳಿಯುತ್ತದೆ.

'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಎಂದು ನೆಂಟರು ಇವರ ಬೆನ್ನು ತಟ್ಟುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಮೂರ್ತಿಯ ಸುದ್ದಿ ಆ ನೆಂಟರಿಗೇಕೆ? ಮದುವೆಯಲ್ಲಿ ಹಾರ ಹಾಕುವ ಹೊತ್ತಿಗೆ ಯಾರೋ ಪುಣ್ಯಾತ್ಮ ಇವರ ಕಾಲಿನ ಕೆಳಗೆ ಒಂದು ಮಣೆ ತಳ್ಳಿದ. ಇಡೀ ಚಪ್ಪರ ನಕ್ಕಿತು. ಇವರೂ ನಕ್ಕು, ಮಣೆ ಹತ್ತಿ ಹಾರ ಹಾಕಿದರು. ಆದರೆ ಆಮೇಲೆ ಒಂದು ದಿನವೂ ನನ್ನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲಿಲ್ಲ. ನಮ್ಮ ಮನೆಯ ಫೋಟೋಗಳಲ್ಲೆಲ್ಲ ಇವರು ಕುರ್ಚಿಯ ಮೇಲೆ, ನಾನು ಹಿಂದೆ. ನಿಲ್ಲಲೇಬೇಕಾದ ಕಡೆ ನಾನೇ ಮೊಣಕಾಲು ಸ್ವಲ್ಪ ಬಗ್ಗಿಸಿ ನಿಲ್ಲುತ್ತಿದ್ದೆ. ಅದನ್ನು ಇವರಿಗೆ ನಾನು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಗಿರಣಿ ಬಿಟ್ಟು ಹೊಲಿಗೆ ಕಲಿತು ಹೊಸಪೇಟೆಯ ಸ್ಟೇಷನ್ ರಸ್ತೆಯ ಓಣಿಯಲ್ಲಿ ಅಂಗಡಿ ಇಟ್ಟವರು ಇವರು. ಕತ್ತರಿಸುವುದು, ಹೊಲಿಯುವುದು ಅವರದು. ಕಾಜಾ, ಗುಂಡಿ, ಇಸ್ತ್ರಿ ಮತ್ತು ಗಿರಾಕಿಗಳ ಜೊತೆ ಜಗಳ ನನ್ನದು. ಗಣಿ ಜೋರಾದ ಮೇಲೆ ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಸಾಲುಗಟ್ಟಿದವು, ಕೈಗೆ ಕಾಸು ಬಂದ ಹುಡುಗರೆಲ್ಲ ರೆಡಿಮೇಡ್ ಶೋರೂಮಿಗೆ ನುಗ್ಗಿದರು. ಆಗ ಇವರು ಕುರ್ತಾ ಹಿಡಿದರು. ಬಟ್ಟೆ ಇವರು ಹೊಲಿದರೆ, ಸಂಡೂರಿನ ಹತ್ತಿರದ ತಾಂಡಾದ ಗಂಗಾಬಾಯಿ ಕೊರಳಿಗೆ, ತೋಳಿನ ತುದಿಗೆ, ಕೆಳಗಿನ ಅಂಚಿಗೆ ಲಂಬಾಣಿ ಕಸೂತಿ ಹಾಕಿ ಕೊಡುತ್ತಿದ್ದಳು. ಹಂಪಿಯ ಅಂಗಡಿಗಳಲ್ಲಿ ತೂಗುಹಾಕಿದರೆ ಫಾರಿನ್ನವರು ಕಣ್ಣು ಮುಚ್ಚಿ ಒಯ್ಯುತ್ತಿದ್ದರು.

ಎರಡು ಸಾವಿರದ ಎಂಟರಲ್ಲಿ ನನ್ನ ಅಣ್ಣನ ಮಗಳು ಸ್ಫೂರ್ತಿ ಸೈಬರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದಳು. ಅವಳ ಕೈ ಸುಮ್ಮನಿರಬೇಕಲ್ಲ? ಮನೆಯಲ್ಲಿ ಕುಳಿತೇ ಸಾಮಾನು ಮಾರುವ ಒಂದು ವೆಬ್‌ಸೈಟಿಗೆ ನಮ್ಮ ಕುರ್ತಾದ ಫೋಟೋ ಹಾಕಿದಳು. ಎಂ, ಎಲ್, ಎಕ್ಸೆಲ್ ಎಂದು ಮೂರು ಸೈಜು. ಪ್ರತಿಯೊಂದಕ್ಕೂ ಭುಜ, ಎದೆ, ತೋಳು, ಉದ್ದದ ಅಳತೆ. ಫೋಟೋಗೆ ನಿಂತವನು ಅವಳ ಸೆಂಟರಿಗೆ ಬರುವ ಒಬ್ಬ ಉದ್ದನೆಯ ಹುಡುಗ.

ಕೆಲವು ಮಾರಾಟವಾದವು. ಒಂದು ಸಂಜೆ ಸ್ಫೂರ್ತಿ ಒಂದು ಪ್ರಿಂಟ್ ತೆಗೆದುಕೊಂಡು ಅಂಗಡಿಗೆ ಬಂದಳು.

"ಮಾವ, ಗಿರಾಕಿ ಒಬ್ರು ಏನೇನೋ ಕೇಳ್ಯಾರ. ನೀವ ಹೇಳ್ಬೇಕು" ಎಂದು ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಓದಿದಳು.

ಕೇಳಿದವರು ಸೊಲ್ಲಾಪುರದ ಜಾಧವ್ ಎಂಬ ಪಿ.ಟಿ. ಮೇಷ್ಟ್ರು. ಎತ್ತರ ಐದಡಿ ಎರಡಿಂಚು. ಭುಜ, ಬೆನ್ನಿನ ಮೇಲೆ ಒಂದು ಹೊಲಿಗೆಯಿಂದ ಇನ್ನೊಂದಕ್ಕೆ, ಹತ್ತೊಂಬತ್ತು ಇಂಚು. ಎದೆ ಮೈಮೇಲೆ ಸುತ್ತಿ ಅಳೆದರೆ ನಲವತ್ತೆರಡು. ಹೊಟ್ಟೆ ಇಲ್ಲ. ತೋಳು ಇಪ್ಪತ್ತೆರಡಿದ್ದರೆ ಸಾಕು. 'ಎಂ ಹಾಕಿದರೆ ಕೈ ಎತ್ತಲಾಗುವುದಿಲ್ಲ, ಎಕ್ಸೆಲ್ ಹಾಕಿದರೆ ಹೆಂಡತಿಯ ನೈಟಿ ಹಾಕಿಕೊಂಡಂತೆ ಕಾಣುತ್ತೇನೆ. ಮುಂದಿನ ತಿಂಗಳು ನನ್ನ ಕಬಡ್ಡಿ ತಂಡಕ್ಕೆ ಸನ್ಮಾನ. ವೇದಿಕೆ ಹತ್ತಬೇಕು. ನಿಮ್ಮ ಕುರ್ತಾ ನನ್ನಂಥವನ ಮೇಲೆ ಹೇಗೆ ಕೂರುತ್ತದೆ? ನಿಜ ಹೇಳಿ.'

ಇವರು ಕತ್ತರಿ ಕೆಳಗಿಟ್ಟರು.

"ಇನ್ನೊಮ್ಮೆ ಓದು" ಎಂದರು. ಅವಳು ಓದಿದಳು. "ಇದು ನನ್ನ ಅಳತಿ" ಎಂದರು ಮೆಲ್ಲಗೆ.

ಸ್ಫೂರ್ತಿಗೆ ಅದೆಲ್ಲ ಬೇಕಿರಲಿಲ್ಲ. "ಎಕ್ಸೆಲ್ ಆಗತೈತಿ ಅಂತ ಬರೀಲೇನು? ಭುಜ ಹತ್ತೊಂಬತ್ತ ಐತಿ. ಎದಿ ನಲವತ್ತಾರು, ನಾಕಿಂಚು ಲೂಸು. ಸರಿ ಹೋತಲ್ಲ?"

"ಉದ್ದ ಎಷ್ಟೈತಿ?"

"ನಲವತ್ತೆರಡು. ಅಲ್ಲೇ ಯಾವನರ ದರ್ಜಿ ಕಡೆ ಕೆಳಗ ಕತ್ತರಿಸ್ಕೋತಾರ ಬಿಡ್ರಿ."

ಇವರಿಗೆ ಸಿಟ್ಟು ಬರುವುದು ಕಡಿಮೆ. ಅಂದು ಬಂತು. "ಕೆಳಗ ಕತ್ತರಿಸಿದ್ರ ಗಂಗಾಬಾಯಿ ಹಾಕಿದ ಅಂಚು ಹೋಗತೈತಿ. ತೋಳು ಕತ್ತರಿಸಿದ್ರ ಅಲ್ಲಿ ಕಸೂತಿನೂ ಹೋತು. ಉಳಿಯೋದೇನು, ಬರೀ ಚೀಲ" ಎಂದರು.

ನಾನು ಸುಮ್ಮನಿರುವ ಹೆಂಗಸಲ್ಲ. "ಬಾಯಿಲೆ ಯಾಕ ಹೇಳ್ತೀರಿ? ಅವರಂಥ ಮನುಷ್ಯ ಇಲ್ಲೇ ನಿಂತಾನಲ್ಲ. ಹಾಕ್ಕೊಂಡು ತೋರಿಸ್ರಿ ಆ ಹುಡುಗಿಗೆ" ಎಂದೆ.

ಇವರು ನನ್ನನ್ನು ನೋಡಿದರು. ಗಿರಾಕಿಗಳಿಗೆಂದು ಹಾಕಿಸಿದ ಕನ್ನಡಿಯ ಮುಂದೆ ಇವರು ನಿಂತದ್ದನ್ನು ನಾನು ಕಂಡೇ ಇರಲಿಲ್ಲ. ಆದರೂ ಎಕ್ಸೆಲ್ ಎತ್ತಿಕೊಂಡು ಪರದೆಯ ಹಿಂದೆ ಹೋದರು. ಹೊರಬಂದಾಗ ಸ್ಫೂರ್ತಿ ಬಾಯಿಗೆ ವೇಲು ಒತ್ತಿಕೊಂಡಳು. ಅಂಚು ಮೀನಖಂಡದ ಮೇಲೆ ಆಡುತ್ತಿತ್ತು, ಬೆರಳುಗಳು ತೋಳಿನೊಳಗೆ ಮುಳುಗಿದ್ದವು. ಭುಜ ಮಾತ್ರ ಗೆರೆ ಎಳೆದಂತೆ ಕೂತಿತ್ತು.

"ನಗಬ್ಯಾಡಲೇ, ನೋಡು" ಎಂದು ಇವರು ಕೈ ಕೆಳಗೆ ಚಾಚಿದರು. "ಜೇಬು ಎಲ್ಲಿ ಐತಿ? ರೊಕ್ಕ ತೆಗೀಬೇಕಂದ್ರ ಬಗ್ಗಬೇಕು. ಪಕ್ಕದ ಸೀಳು ಟೊಂಕದ ಕೆಳಗ ಶುರು ಆಗ್ಬೇಕು, ಇಲ್ಲಿ ತೊಡಿಗೆ ಬಂದೈತಿ. ಕೆಳಗ ಎಂಟಿಂಚು ತೆಗದಿ ಅನ್ನು. ಸೀಳು ಉಳಿಯೋದು ಬೆರಳುದ್ದ. ಕಾಲು ಎತ್ತಿ ಮೆಟ್ಟಿಲು ಹತ್ತಾಕ ಬರಂಗಿಲ್ಲ. ಆ ಮನುಷ್ಯಾ ವೇದಿಕಿ ಹತ್ತಬೇಕು."

ಸ್ಫೂರ್ತಿ ಬಾಯಿಂದ ವೇಲು ತೆಗೆದಳು. ಎಂಥ ಗಂಡನನ್ನು ಕಟ್ಟಿಕೊಂಡಿದ್ದೇನೆ ಎಂದು ನನ್ನ ಎದೆ ಉಬ್ಬಿತು. ನೈಟಿಯಂಥ ಕುರ್ತಾದಲ್ಲಿ ನಿಂತಿದ್ದರೂ ಉಬ್ಬಿತು.

"ಬರಿ" ಎಂದರು. "ನಮ್ಮ ಮೂರೂ ಸೈಜು ನಿಮಗ ಆಗಂಗಿಲ್ಲ. ಎಂ, ಎಲ್ ಭುಜಕ್ಕ ಹಿಡೀತಾವ. ಎಕ್ಸೆಲ್ ಉದ್ದ ಆಗತೈತಿ, ಕತ್ತರಿಸಿದ್ರೂ ಸರಿ ಹೋಗಂಗಿಲ್ಲ. ಬೇಕಂದ್ರ ನಿಮ್ಮ ಅಳತಿಗೆ ಬ್ಯಾರೆ ಹೊಲೀತೀವಿ: ಭುಜ, ಎದಿ ಎಕ್ಸೆಲ್‌ದು, ತೋಳು ಇಪ್ಪತ್ತೆರಡು, ಉದ್ದ ಮೂವತ್ತನಾಕು. ಮೊದಲು ಕತ್ತರಿಸಿ, ಆಮ್ಯಾಲೆ ಕಸೂತಿ."

ಮರುದಿನ ಉತ್ತರ ಬಂತು. ಆಗುವುದಿಲ್ಲ ಎಂದು ಹೇಳಿದ ಮೊದಲ ಅಂಗಡಿ ನಿಮ್ಮದು, ಹೊಲಿಯಿರಿ ಎಂದು ಬರೆದಿದ್ದರು ಜಾಧವ್ ಮೇಷ್ಟ್ರು. ಆದರೆ ಒಂದು ಷರತ್ತು. 'ಉದ್ದನೆಯ ಹುಡುಗರ ಫೋಟೋ ನೋಡಿ ನೋಡಿ ಮೋಸ ಹೋಗಿದ್ದೇನೆ; ಹೊಲಿದ ಮೇಲೆ ನನ್ನಂಥ ಒಬ್ಬನಿಗೆ ಹಾಕಿ ಫೋಟೋ ಕಳಿಸಿ, ನೋಡಿಯೇ ತೆಗೆದುಕೊಳ್ಳುವೆ.'

"ಫೋಟೋ ಗೀಟೋ ಬ್ಯಾಡ" ಎಂದರು ಇವರು. ನಾನು ಒತ್ತಾಯ ಮಾಡಲಿಲ್ಲ. ಕೆಲವು ಗಾಯ ಎಲ್ಲಿದೆಯೆಂದು ಹೆಂಡತಿಗೆ ಗೊತ್ತಿರುತ್ತದೆ.

ಕುರ್ತಾ ಕತ್ತರಿಸಿದ ರೀತಿ ಮಾತ್ರ ನೋಡಬೇಕಿತ್ತು. ನೀಲಿ ಬಟ್ಟೆ. ಎಕ್ಸೆಲ್ ಪ್ಯಾಟರ್ನಿನ ಭುಜ ಇಟ್ಟುಕೊಂಡು, ಜೇಬು ಮೇಲಕ್ಕೆ ತಂದು, ಸೀಳನ್ನು ಟೊಂಕಕ್ಕೆ ಸರಿಸಿ, ಕಚ್ಚಾ ಹೊಲಿಗೆ ಹಾಕಿ ತಮ್ಮ ಮೈಮೇಲೇ ಹಾಕಿಕೊಂಡು ನೋಡಿದರು. ಕೈ ಎತ್ತಿದರು, ಕುಕ್ಕರಗಾಲಲ್ಲಿ ಕೂತೆದ್ದರು. ಕಂಕುಳಲ್ಲಿ ಹಿಡಿಯುತ್ತಿದೆ ಎಂದು ಬಿಚ್ಚಿ ಮತ್ತೆ ಜೋಡಿಸಿದರು. ಆಮೇಲೆ ಹೊಲಿಗೆ ಬಿಡಿಸಿದ ತುಂಡುಗಳು ಗಂಗಾಬಾಯಿಯ ಕೈಗೆ ಹೋದವು. ಅಂಚಿಗೆ ಅವಳು ಇಟ್ಟ ಕಸೂತಿಯ ಕನ್ನಡಿ ಚೂರು ಒಂದೂ ಮಡಿಕೆಯಲ್ಲಿ ಸಿಕ್ಕಿಬೀಳಲಿಲ್ಲ, ಏಕೆಂದರೆ ಅಂಚು ಎಲ್ಲಿ ಮುಗಿಯುತ್ತದೆಂದು ಈ ಸಲ ಅವಳಿಗೆ ಮೊದಲೇ ತಿಳಿದಿತ್ತು.

ಎಲ್ಲ ಜೋಡಿಸಿ ಮುಗಿದ ದಿನ ಸ್ಫೂರ್ತಿ ಕ್ಯಾಮೆರಾ ತಂದಿದ್ದಳು. ಅದೇ ಉದ್ದನೆಯ ಹುಡುಗನನ್ನು ಕರೆಯಲೇ ಎಂದು ಹೆದರುತ್ತಾ ಕೇಳಿದಳು.

"ಅವನ ಮ್ಯಾಲೆ ಇದು ಗಿಡ್ಡ ಅಂಗಿ ಆಗತೈತಿ" ಎಂದು ಇವರು ಪರದೆಯ ಹಿಂದೆ ಹೋದರು.

ಹೊರಬಂದರು. ಭುಜದಿಂದ ಬಟ್ಟೆ ನೇರ ಇಳಿದಿತ್ತು. ಅಂಚು ಮೊಣಕಾಲಿಗಿಂತ ತುಸು ಮೇಲೆ ನಿಂತಿತ್ತು, ತೋಳು ಮಣಿಕಟ್ಟಿನ ಮೂಳೆಗೆ ಸರಿಯಾಗಿ. ಈ ಮನುಷ್ಯ ಇಷ್ಟು ವರ್ಷ ಊರಿನವರನ್ನೆಲ್ಲ ಚಂದ ಮಾಡಿ, ತಾನು ಮಾತ್ರ ದೊಗಳೆ ಅಂಗಿಯಲ್ಲಿ ಆ ಭುಜ ಬಚ್ಚಿಟ್ಟುಕೊಂಡಿದ್ದ. ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಬಾಗಿಲ ಪಕ್ಕದ ಗೋಡೆಗೆ ನಿಲ್ಲಿಸಿ ಸ್ಫೂರ್ತಿ ಫೋಟೋ ತೆಗೆದಳು. ಕ್ಯಾಮೆರಾದ ಹಿಂಬದಿಯಲ್ಲಿ ನೋಡಿ ಕುಣಿದಳು. "ಮಾವ, ಫೋಟೋದಾಗ ಆರಡಿ ಕಾಣ್ತೀರಿ! ಮಸ್ತ್!"

ಇವರು ಇಣುಕಿ ನೋಡಿದರು. ನಿಜ, ಬರೀ ಗೋಡೆ, ಅದರ ಮುಂದೆ ಒಬ್ಬ ಅಗಲ ಭುಜದ ಗಂಡಸು. ಎತ್ತರ ಯಾರಿಗೂ ತಿಳಿಯುವಂತಿರಲಿಲ್ಲ. ಇವರ ಮುಖದಲ್ಲಿ ಒಂದು ನಗು ಬಂತು. ಹೊರಗೆ ಲಾರಿಯೊಂದು ಹಾದುಹೋಯಿತು. ಅದರ ಸದ್ದು ಅಡಗುವಷ್ಟರಲ್ಲಿ ಆ ನಗುವೂ ಅಡಗಿತು.

"ಬ್ಯಾಡ. ಇದನ್ನ ಕಳಿಸಬ್ಯಾಡ" ಎಂದರು.

"ಯಾಕ ಮಾವ? ಎಷ್ಟ್ ಚಲೋ ಬಂದೈತಿ!"

"ಅದಕ್ಕ ಬ್ಯಾಡ. ಮೇಷ್ಟ್ರು ಮತ್ತೊಬ್ಬ ಉದ್ದ ಹುಡುಗ ಅಂದ್ಕೋತಾರ. ಅವರು ಕೇಳಿದ್ದು ತಮ್ಮಂಥವನ ಮ್ಯಾಲೆ ಹೆಂಗ ಕೂಡತೈತಿ ಅಂತ." ಇವರು ನನ್ನ ಕಡೆ ತಿರುಗಿದರು. "ಚೆನ್ನಿ, ಬಾ ಇಲ್ಲಿ. ಬಾಜೂಕ ನಿಂದ್ರು."

ಕಾಜಾ ಹಾಕುತ್ತಿದ್ದ ಸೂಜಿ ನನ್ನ ಕೈಯಲ್ಲೇ ಉಳಿಯಿತು. ಎದ್ದೆ. ಅಭ್ಯಾಸಬಲ, ಚಪ್ಪಲಿ ಬಿಟ್ಟೆ, ಸೀರೆಯೊಳಗೆ ಮೊಣಕಾಲು ಸ್ವಲ್ಪ ಬಗ್ಗಿಸಿದೆ. ಯಾರಿಗೂ ಕಾಣದು ಎಂದುಕೊಂಡಿದ್ದೆ.

"ಚಪ್ಪಲಿ ಹಾಕ್ಕೋ" ಎಂದರು ಇವರು, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಬಗ್ಗಬ್ಯಾಡ. ಅಳತಿ ತಪ್ಪತೈತಿ."

ನೆಟ್ಟಗೆ ನಿಂತೆ. ಇವರ ತಲೆ ನನ್ನ ಕಿವಿಯ ಹತ್ತಿರ ಬಂತು, ಇವರ ಭುಜ ನನ್ನ ತೋಳಿಗೆ ತಾಗಿತು. ಸ್ಫೂರ್ತಿ ಈ ಸಲ ನಗಲಿಲ್ಲ, ಫೋಟೋ ತೆಗೆದಳು.

ಅದನ್ನು ಕಳಿಸುವಾಗ ಕೆಳಗೆ ಏನು ಬರೆಯಲಿ ಎಂದು ಕೇಳಿದಳು. ಇವರು ಕುರ್ತಾ ಬಿಚ್ಚದೆ ಹೊಲಿಗೆ ಯಂತ್ರದ ಮುಂದೆ ಕೂತು, ಯೋಚಿಸಿ, ಗಟ್ಟಿಯಾಗಿ ಹೇಳಿದರು: "ಎಡಕ್ಕ ನಿಂತವ ಇದನ್ನ ಹೊಲಿದ ದರ್ಜಿ, ಎತ್ತರ ಐದಡಿ ಒಂದಿಂಚು, ಭುಜ ಹತ್ತೊಂಬತ್ತು. ಬಲಕ್ಕ ನಿಂತಾಕಿ ಅವನ ಹೆಂಡತಿ, ಐದಡಿ ಐದಿಂಚು. ಕಾಲಕೆಳಗ ಮಣೆ ಇಲ್ಲ."