ಅರ್ಧ ನಿಮಿಷದ ರೇಟು

ನಂಜನಗೂಡಿನ ರುದ್ರೇಶ್ ಮನೆಯ ಕಂಪ್ಯೂಟರಿನಲ್ಲಿ ಮದುವೆ ವಿಡಿಯೋ ಎಡಿಟ್ ಮಾಡಿ ಬದುಕುವವನು. ೨೦೦೫ರಲ್ಲಿ ಟಿ. ನರಸೀಪುರದ ಎಣ್ಣೆ ಮಿಲ್ಲಿನ ಮಾದಯ್ಯನವರು ಮಿಲ್ಲಿನಲ್ಲಿ ಶೂಟ್ ಮಾಡಿದ ಎರಡು ಗಂಟೆಯ ಟೇಪು ಕೊಟ್ಟು, ಲೋಕಲ್ ಕೇಬಲ್ಲಿಗೆ ಅರ್ಧ ನಿಮಿಷದ ಜಾಹೀರಾತು ಮಾಡಿಕೊಡು ಎಂದರು. ರುದ್ರೇಶ್ ಒಂದು ಚೀಟಿಯಲ್ಲಿ ರೇಟು ಬರೆದು ಒಯ್ದ. ಹನ್ನೆರಡು ಗಂಟೆ ಕೆಲಸಕ್ಕೆ ಸಾವಿರದ ಎಂಟುನೂರು. ವರ್ಷದ ಮಟ್ಟಿಗೆ ರೆಡಿಮೇಡ್ ಸಂಗೀತದ ಲೈಸೆನ್ಸು ಐನೂರು. ಎರಡು ಸಲ ತಿದ್ದುವುದು ಪುಕ್ಕಟೆ, ಆಮೇಲೆ ಸಲಕ್ಕೆ ಇನ್ನೂರು.

ಮಾದಯ್ಯ ಹುಬ್ಬೇರಿಸಿದರು. "ನನ್ ಮಗಳ ಮದ್ವೆ ವಿಡಿಯೋ ಮೂರ್ ಗಂಟೆದು, ನೀನು ಮೂರ್ ಸಾವ್ರ ತಗಂಡೆ. ಆ ಲೆಕ್ಕದಲ್ಲಿ ಇದು ಎಂಟ್ ರೂಪಾಯಿ ಚಿಲ್ರೆ ಕಣಪ್ಪ!"

ರುದ್ರೇಶ್ ಚೀಟಿಯ ಹನ್ನೆರಡು ಗಂಟೆಯ ಮೇಲೆ ಬೆರಳಿಟ್ಟ. "ಟೇಪು ಕಂಪ್ಯೂಟರ್‌ಗೆ ಇಳಿಯಕ್ಕೇ ಎರಡು ಗಂಟೆ ಬೇಕು ಸಾ. ಒಂದು ಲೀಟರ್ ಎಣ್ಣೆಗೆ ಎಷ್ಟು ಕಡ್ಲೆಬೀಜ ಅರೀತೀರಿ?"

"ಎರಡೂವರೆ ಕೆಜಿ."

"ಇದೂ ಅಂಗೇಯ."

"ಆಗ್ಲಿ. ಸಂಗೀತಕ್ಕೆ ದುಡ್ಡ್ಯಾಕೆ? ಸಿನಿಮಾ ಹಾಡಿನ ಕ್ಯಾಸೆಟ್ಟು ದುಡ್ಡು ಕೊಟ್ಟೇ ತಂದಿವ್ನಿ."

"ಅದು ಮನೇಲಿ ಕೇಳಕ್ಕೆ ಸಾ. ಯಾಪಾರಕ್ಕೆ ಬಳಸ್ಬೇಕಂದ್ರೆ ಹಾಡಿನ ಹಕ್ಕಿರೋರು ಒಪ್ಪಬೇಕು. ಅದು ಇನ್ನೂ ದುಬಾರಿ."

ಮಾದಯ್ಯ ಗೊಣಗುತ್ತಲೇ ಚೀಟಿಗೆ ಸಹಿ ಹಾಕಿ, ನಕ್ಕರು. "ಮಿಲ್ಲಲ್ಲಿ ನಾವು ಅಣ್ತಮ್ಮಂದಿರು ಐದು ಜನ ಪಾಲುದಾರ್ರು. ತಲೆಗೆರಡು ಅಂದ್ರೆ ಹತ್ತು ಸಲ ಪುಕ್ಕಟೆ ತಿದ್ಬೇಕು. ಎಲ್ರೂ ನಿನ್ ಮನೇಗೇ ಬತ್ತೀವಿ."

ರುದ್ರೇಶ್ ಚೀಟಿ ಕಿತ್ತುಕೊಂಡು ಇನ್ನೊಂದು ಸಾಲು ಗೀಚಿದ: "ತಿದ್ದುಪಡಿ ಹೇಳುವವರು ಒಬ್ಬರೇ. ಅದು ಯಾರೆಂಬ ಜಗಳವನ್ನು ನಿಮ್ಮ ಮನೆಯಲ್ಲೇ ಮುಗಿಸಿಕೊಂಡು ಬರತಕ್ಕದ್ದು."