ರೂಟರ್ ಆರಿಸಿದ ಸಂಜೆ

ಜಾವಳಿಯ ಆಸುಪಾಸಿನ ಹೆಂಗಸರ ರವಿಕೆಗಳಲ್ಲಿ ಅರ್ಧಕ್ಕರ್ಧ ಅರುಣಾಳ ಕೈಯಲ್ಲೇ ಹೊಲಿಸಿಕೊಂಡವು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಎರಡು ಸಲ ಅಳೆಯುವುದು ಅವಳ ರೂಢಿ. ಗಂಡ ಮಲ್ಲೇಶ್ ಪಿಕಪ್ ಓಡಿಸುತ್ತಿದ್ದ. ಎಸ್ಟೇಟುಗಳ ಕಾಫಿ ಮೂಟೆಯನ್ನು ಮೂಡಿಗೆರೆಗೆ ಮುಟ್ಟಿಸಿ ಕತ್ತಲಾಗುವಷ್ಟರಲ್ಲಿ ಮನೆ ಸೇರುತ್ತಿದ್ದ. ಹೋದ ವರ್ಷ ಪಕ್ಕದ ಎಸ್ಟೇಟಿನ ಆಳೊಬ್ಬನನ್ನು ಒಂಟಿಸಲಗ ತುಳಿದು ಕೊಂದಿತ್ತು. ಅಂದಿನಿಂದ ಪಿಕಪ್ಪಿನ ಸದ್ದು ಕೇಳುವ ತನಕ ಅರುಣಾಳಿಗೆ ಮನಸ್ಸು ನಿಲ್ಲುತ್ತಿರಲಿಲ್ಲ.

ಮಗಳು ಕೃತಿಕಾಳ ಆನ್‌ಲೈನ್ ಪಾಠಕ್ಕೆಂದು ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ್ದರು. ಈಗ ಅವಳು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ. ಸುಮ್ಮನೆ ದುಡ್ಡು ಹೋಗುತ್ತಿದೆ, ತೆಗೆಸಿಬಿಡೋಣ ಎಂದ ಮಲ್ಲೇಶ್. ಅರುಣಾ ಒಪ್ಪುವ ಮೊದಲು ಹಳೆಯ ಬಿಲ್ಲುಗಳನ್ನೂ ಎರಡು ಮೊಬೈಲುಗಳ ಬಳಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಮಗಳು ಹೋದ ಮೇಲೆ ವೈಫೈ ಬಳಕೆ ದಿನಕ್ಕೆ ಒಂದು ಜಿಬಿಯನ್ನೂ ಮುಟ್ಟುತ್ತಿರಲಿಲ್ಲ. ಅರುಣಾಳ ಮೊಬೈಲ್ ಪ್ಯಾಕಿನಲ್ಲಿ ದಿನಕ್ಕೆ ಎರಡು ಜಿಬಿ ಬರುತ್ತಿತ್ತು, ಅದು ಹಾಗೇ ಉಳಿದು ಹೋಗುತ್ತಿತ್ತು. ಕರೆಗಳು ಮಾತ್ರ ಲೆಕ್ಕವಿಲ್ಲದಷ್ಟು. ಅವಕ್ಕೆ ಪ್ಯಾಕಿನಲ್ಲಿ ಮಿತಿಯೇ ಇಲ್ಲ. ಗಂಡನ ಮಾತು ಸರಿ ಎಂದೇ ಕಂಡಿತು. ಆದರೂ ತೆಗೆಸುವ ಮೊದಲು ಒಂದು ದಿನ ರೂಟರ್ ಆಫ್ ಮಾಡಿ ನೋಡೋಣ ಎಂದಳು.

ಆ ದಿನ ಮಧ್ಯಾಹ್ನವೆಲ್ಲ ಫೋನು ಸದ್ದು ಮಾಡಲಿಲ್ಲ. ಹೊಲಿಗೆ ಚೆನ್ನಾಗಿ ಸಾಗಿತೆಂದು ಅವಳಿಗೆ ಖುಷಿಯೇ ಆಗಿತ್ತು. ಹೊತ್ತು ಇಳಿಯುವಾಗ ಕೆಳಗಿನ ತೋಟದಲ್ಲಿ ಪಟಾಕಿ ಸಿಡಿಯಿತು. ಹಿಂದೆಯೇ ಅರಣ್ಯ ಇಲಾಖೆಯ ಜೀಪಿನ ಮೈಕು: ರಸ್ತೆ ಪಕ್ಕ ಆನೆ ಇದೆ, ಯಾರೂ ಓಡಾಡಬೇಡಿ.

ಮಲ್ಲೇಶ್ ಬರುವ ರಸ್ತೆ ಅದೇ.

ಫೋನು ಎತ್ತಿಕೊಂಡಳು. ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ವಾಟ್ಸಾಪಿನಲ್ಲಾದರೂ ಕರೆಯೋಣವೆಂದು ಓಡಿ ಹೋಗಿ ರೂಟರಿನ ಸ್ವಿಚ್ ಒತ್ತಿದಳು, ದೀಪ ಹತ್ತಲಿಲ್ಲ. ಕರೆಂಟೇ ಹೋಗಿತ್ತು. ಮಧ್ಯಾಹ್ನದಿಂದ ಫೋನು ಸುಮ್ಮನಿದ್ದದ್ದು ಯಾರೂ ಕರೆಯದೆ ಅಲ್ಲ, ಕರೆದದ್ದು ತಲುಪದೆ ಎಂದು ಆಗ ಹೊಳೆಯಿತು.

ಮೆಟ್ಟಿಲು ಹೊರಗೋಡೆಗೆ ಇತ್ತು. ತಾರಸಿಗೆ ಹೋದರೆ ಒಂದು ಗೆರೆಯಾದರೂ ಸಿಕ್ಕೀತು. ಅತ್ತೆ ಮುತ್ತಮ್ಮ ಅವಳ ಸೆರಗು ಹಿಡಿದಳು. "ಹೊರಗೆ ಕಾಲಿಡ್ಬೇಡ ಕಣೆ."

"ಅವ್ರು ಆ ದಾರೀಲೇ ಬರ್ತಿದಾರೆ ಅತ್ತೆ," ಎಂದು ಬಿಡಿಸಿಕೊಂಡು ಹತ್ತಿದಳು. ತಾರಸಿಯ ಮೂಲೆಯಲ್ಲಿ ಗೆರೆ ಮೂಡಿತು, ಅಳಿಯಿತು, ಮತ್ತೆ ಮೂಡಿತು. ಎರಡು ಸಲ ಕರೆ ತುಂಡಾಯಿತು. ಮೂರನೆಯದಕ್ಕೆ ಮಲ್ಲೇಶನ ದನಿ ಬಂತು. ಅವನು ಅವಳಿಗೆ ಮಾತಾಡಲು ಬಿಡಲಿಲ್ಲ.

"ಎಲ್ಲಿದ್ದೀಯೆ? ಎಷ್ಟೊತ್ತಿಂದ ಮಾಡ್ತಿದೀನಿ. ಫಾರೆಸ್ಟ್‌ನವ್ರು ಗಾಡಿಗಳನ್ನೆಲ್ಲ ತಿರುವಲ್ಲೇ ತಡೆದು ನಿಲ್ಸಿದಾರೆ. ಆನೆ ರಸ್ತೆ ದಾಟಿ ನಮ್ಮನೆ ಕಡೆಗೆ ಬಂತು. ಒಳಗೆ ಹೋಗು."

ಅವಳು ಗಂಡನಿಗಾಗಿ ಹೆದರುತ್ತಿದ್ದಳು, ಅವನು ಅವಳಿಗಾಗಿ. ಮನೆ ಹಿಂದಿನ ಕಾಫಿ ಗಿಡಗಳೊಳಗೆ ಕೊಂಬೆ ಮುರಿಯಿತು. ಗೋಡೆ ಹಿಡಿದು, ಉಸಿರು ಬಿಗಿಹಿಡಿದು, ಹೇಗೋ ಕೆಳಗೆ ಬಂದು ಒಳ ಸೇರಿದಳು. ಹಿಂದೆಯೇ ಅತ್ತೆ ಅಗಣಿ ಹಾಕಿದಳು. ಇಬ್ಬರೂ ಅಡುಗೆಮನೆಯ ಮೂಲೆಯಲ್ಲಿ ಕೂತರು. ಹಿತ್ತಿಲ ಬಾಳೆ ಮುರಿಯುವ ಸದ್ದು, ಆಮೇಲೆ ಗೋಡೆಯಾಚೆ ಭಾರವಾದ ಉಸಿರು. ಮುತ್ತಮ್ಮ ಸೊಸೆಯ ಬಾಯಿಗೆ ಅಂಗೈ ಒತ್ತಿದಳು. ಸದ್ದು ತೋಟದ ಮೇಲ್ಭಾಗಕ್ಕೆ ಸರಿದು ಕರಗುವ ತನಕ ಅದನ್ನು ತೆಗೆಯಲಿಲ್ಲ.

ಮಲ್ಲೇಶ್ ರಾತ್ರಿ ತಡವಾಗಿ ಮನೆ ಸೇರಿದ. ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಬ್ರಾಡ್‌ಬ್ಯಾಂಡ್ ಕೊಡುವ ಓಂಕಾರಮೂರ್ತಿಯ ಅಂಗಡಿಗೆ ಹೋದರು. ಆತ ಅರುಣಾಳ ಫೋನು ನೋಡಿ, ಅದರಲ್ಲಿ ವೈಫೈ ಕಾಲಿಂಗ್ ಮೊದಲಿನಿಂದಲೂ ಆನ್ ಆಗಿರುವುದನ್ನು ತೋರಿಸಿದ. ಟವರ್ ಸಿಗದ ಮನೆಯಲ್ಲಿ ಇಷ್ಟು ದಿನ ಕರೆಗಳು ಬರುತ್ತಿದ್ದದ್ದು ರೂಟರಿನಿಂದಲೇ.

"ಮಾತಿಗೆ ಡೇಟಾ ತೀರಾ ಕಮ್ಮಿ ಸಾಕು ಮಾರಾಯ. ಎಷ್ಟು ಬಳಸಿದ್ರಿ ಅಂತ ಬಿಲ್ಲು ಹೇಳುತ್ತೆ, ಕರೆ ಯಾವ ದಾರೀಲಿ ಬಂತು ಅಂತ ಹೇಳಲ್ಲ," ಎಂದು ಆತ ಮಲ್ಲೇಶನಿಗೆ ಹೇಳಿದ.

ಮೂವರೂ ಕೂತು ಮತ್ತೆ ಅಳೆದರು. ಬಳಕೆ ಕಡಿಮೆ ಎಂಬುದೇನೂ ಸುಳ್ಳಲ್ಲ. ಹಾಗಾಗಿ ಬ್ರಾಡ್‌ಬ್ಯಾಂಡನ್ನು ಎಲ್ಲಕ್ಕಿಂತ ಸಣ್ಣ ಪ್ಲಾನಿಗೆ ಇಳಿಸಿದರು. ಮನೆಯಲ್ಲೇ ಇರುವ ಅರುಣಾಳಿಗೆ ಬರೀ ಕರೆಯ ಪ್ಯಾಕು ಸಾಕೆನಿಸಿತು. ದಿನವಿಡೀ ರಸ್ತೆಯಲ್ಲಿರುವ ಮಲ್ಲೇಶನಿಗೆ ಡೇಟಾ ಇರುವ ಹಳೆಯ ಪ್ಯಾಕೇ ಇರಲಿ ಎಂದಾಯಿತು. ಉಳಿದ ದುಡ್ಡಿನಲ್ಲಿ ರೂಟರಿಗೊಂದು ಪುಟ್ಟ ಬ್ಯಾಟರಿ ಕೊಂಡರು. ಕರೆಂಟು ಹೋದರೂ ಕೆಲವು ಗಂಟೆ ತಡೆಯುತ್ತದೆ, ಆದರೆ ದಾರಿಯಲ್ಲಿ ಕೇಬಲ್ ತುಂಡಾದರೆ ಬ್ಯಾಟರಿಯೂ ಏನೂ ಮಾಡದು ಎಂದು ಓಂಕಾರಮೂರ್ತಿ ಮುಚ್ಚುಮರೆಯಿಲ್ಲದೆ ಹೇಳಿದ.

ಆ ಕೊನೆಯ ಮಾತು ಅರುಣಾಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಈಗಲೂ ಸಂಜೆ ಫೋನು ಸ್ವಲ್ಪ ಹೆಚ್ಚು ಹೊತ್ತು ಸುಮ್ಮನಿದ್ದರೆ ಮಿಷನ್ ನಿಲ್ಲಿಸಿ ಗಂಡನಿಗೆ ಕರೆ ಮಾಡುತ್ತಾಳೆ. ಅವನು ಎತ್ತಿದರೆ "ಲೈನ್ ಇದೆಯಾ ಅಂತ ನೋಡ್ದೆ," ಎಂದು ಫೋನಿಟ್ಟು ಮತ್ತೆ ಹೊಲಿಯಲು ಕೂರುತ್ತಾಳೆ.