ಗುಡದಪ್ಪ ಅಳೆಯದ ಬೀಮಿನ ಮಗ್ಗುಲು

ರಾಣೆಬೆನ್ನೂರಿನಲ್ಲಿ ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಪ್ಲೇಟು ಬಾಡಿಗೆಗೆ ಕೊಡುವ ನನಗೆ, ಮನುಷ್ಯರ ಗುಣ ತಿಳಿಯುವುದು ಅವರು ಪ್ಲೇಟು ವಾಪಸು ತಂದಾಗ. ಮೇಡ್ಲೇರಿಯ ಗುಡದಪ್ಪ ಸಿಮೆಂಟು ಕೆರೆದು, ಎಣ್ಣೆ ಸವರಿ ತರುತ್ತಿದ್ದ. ಇಂಥವರು ಉದ್ಧಾರವಾಗುವುದು ಕಷ್ಟ ಎಂದು ಆಗಲೇ ಅಂದುಕೊಂಡಿದ್ದೆ.

ಅವನು ಬಹಳ ವರ್ಷ ಮೇಸ್ತ್ರಿ ಅಲ್ಲಾಬಕ್ಷನ ಕೈಕೆಳಗೆ ದುಡಿದವನು. ನಾಲ್ಕು ಜನರ ಎದುರು ಉಸ್ತಾದ ಬೈದದ್ದು ಮನಸ್ಸಿಗೆ ಹತ್ತಿ, 2006ರ ಬೇಸಿಗೆಯಲ್ಲಿ ಬಿಟ್ಟು ಹೊರಬಿದ್ದ. ಮೊದಲ ಸ್ವಂತ ಕೆಲಸ ಸಿಕ್ಕಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ವ್ಯಾಪಾರಿ ವಿರೂಪಾಕ್ಷಪ್ಪನವರ ಗೋದಾಮು. ಮೂರು ಸಾಲು, ಸಾಲಿಗೆ ಮೂರು ಕಾಲಮ್ಮು, ನಡುವೆ ಬೀಮು, ಮೇಲೆ ಸ್ಲ್ಯಾಬು. ಗೋಡೆಯ ಮೇಲೆ ಸ್ಲ್ಯಾಬು ಕೂರಿಸಿಯೇ ಗೊತ್ತಿದ್ದ ಗುಡದಪ್ಪನಿಗೆ ಇದು ಹೊಸದು. ಗೋಡೆ ಮನೆಯಲ್ಲಿ ಮಾಳಿಗೆ ಎಷ್ಟೋ ಪ್ಲೇಟು ಅಷ್ಟು. ಇಲ್ಲಿಯೂ ಹಾಗೇ ಎಂದುಕೊಂಡ.

ಕಾಲಮ್ಮುಗಳು ಎದ್ದವು. ಒಂದೊಂದೂ ಮೂವತ್ತು ಸೆಂಟಿಮೀಟರ್ ಚೌಕ, ಬೀಮಿನ ಕೆಳಗಿನವರೆಗೆ ಮೂರು ಮೀಟರ್ ಎತ್ತರ. ಒಂಬತ್ತಕ್ಕೆ ಮೂವತ್ತೆರಡೂವರೆ ಚದರ ಮೀಟರಿನಷ್ಟು ಪ್ಲೇಟು. ಬಿಚ್ಚಿದ ದಿನವೇ ಅಷ್ಟನ್ನೂ ನನಗೆ ತಂದು ಒಪ್ಪಿಸಿದ, ಸುಮ್ಮನೆ ಬಾಡಿಗೆ ಯಾಕೆ ಏರಬೇಕು ಎಂದು. ನಾನೂ ಬೇಡ ಅನ್ನಲಿಲ್ಲ. ಆ ಪ್ಲೇಟು ಆ ಸಂಜೆಯೇ ಮೋಟೆಬೆನ್ನೂರಿಗೆ ಹೋಯಿತು, ಬೇರೆ ಯಾರಿಗೂ ಅಲ್ಲ, ಅಲ್ಲಾಬಕ್ಷನ ಕೆಲಸಕ್ಕೆ. ಮಾಳಿಗೆಗೆಂದು ಗುಡದಪ್ಪ ಅಂಗಡಿಯಲ್ಲಿ ಉಳಿದಿದ್ದ ಎಪ್ಪತ್ತೊಂಬತ್ತು ಚದರ ಮೀಟರ್ ಒಯ್ದ. ನನ್ನ ಅಂಗಡಿ ಬರಿದಾಯಿತು.

ಬೀಮಿನ ತಳ ಹಾಸಿದ, ಮಗ್ಗುಲು ಕಟ್ಟಿದ, ಆಮೇಲೆ ಸ್ಲ್ಯಾಬಿಗೆ ಕೈ ಹಚ್ಚಿದ. ಬೀಮುಗಳ ನಡುವಿನ ನಾಲ್ಕು ಅಂಕಣದಲ್ಲಿ ಎರಡು ಮುಚ್ಚುವ ಮೊದಲೇ ಪ್ಲೇಟು ತೀರಿತು. ಉಳಿದೆಡೆ ನೆತ್ತಿಯ ಮೇಲೆ ಬರೀ ಆಕಾಶ. ಯಾರೋ ಕದ್ದರೆಂದು ಅವನು ಎಣಿಸಿಯೇ ಎಣಿಸಿದ. ಎಲ್ಲ ಅಲ್ಲೇ ಇತ್ತು.

ಹಾವೇರಿಯಿಂದ ಬಂದಿದ್ದ ಎಂಜಿನಿಯರ್ ಸುಧಾರಾಣಿ ನಕ್ಷೆ ಬಿಡಿಸಿದರು. ವಿರೂಪಾಕ್ಷಪ್ಪನವರೂ ಅಲ್ಲೇ ನಿಂತಿದ್ದರು. ಗುಡದಪ್ಪ ಕರೆದನೆಂದು ನಾನೂ ಹೋಗಿದ್ದೆ.

“ಮಾಳಿಗಿ ಒಂದs ಅಳದೀರಿ ನೀವು,” ಎಂದರು ಸುಧಾರಾಣಿ. “ಕಾಂಕ್ರೀಟು ಎಲ್ಲೆಲ್ಲಿ ಪ್ಲೇಟಿಗೆ ಮುಟ್ಟತೈತೋ ಅಲ್ಲೆಲ್ಲಾ ಅಳೀಬೇಕ್ರಿ. ಬೀಮಿಗೆ ತಳ ಅಷ್ಟs ಅಲ್ಲ, ಎರಡು ಮಗ್ಗಲಾನೂ ಅದಾವು.”

ಅಂಕಣ ಒಂದೊಂದೂ ನಾಲ್ಕು ಮೀಟರ್ ಚೌಕ, ನಾಲ್ಕಕ್ಕೆ ಅರವತ್ತನಾಲ್ಕು ಚದರ ಮೀಟರ್. ಮೂವತ್ತು ಸೆಂಟಿಮೀಟರ್ ಅಗಲದ ಹನ್ನೆರಡು ಬೀಮಿನ ತಳ ಹದಿನಾಲ್ಕೂವರೆಯ ಹತ್ತಿರ. ಗುಡದಪ್ಪನ ಎಪ್ಪತ್ತೊಂಬತ್ತು ಅಲ್ಲಿಗೇ ಮುಗಿಯಿತು. ಬೀಮಿನ ಎತ್ತರ ನಲವತ್ತೈದು ಸೆಂಟಿಮೀಟರ್. ಒಳಮಗ್ಗುಲಲ್ಲಿ ಸ್ಲ್ಯಾಬಿನ ದಪ್ಪ ಹದಿನೈದು ಕಳೆದು ಮೂವತ್ತು ಸಾಕು, ಹೊರಮಗ್ಗುಲಿಗೆ ಪೂರ್ತಿ ನಲವತ್ತೈದು. ಕಾಲಮ್ಮಿನ ತಲೆಯ ಹೊರಮೈಯೂ ಸೇರಿ ಮಗ್ಗುಲೇ ಮೂವತ್ತೈದು ದಾಟಿತು. ಒಟ್ಟು ನೂರಾ ಹದಿಮೂರೂವರೆ. ಕಡಿಮೆ ಬಿದ್ದದ್ದು ಮೂವತ್ನಾಲ್ಕೂವರೆಯ ಸುಮಾರು. ತಾನಾಗಿ ಹೊತ್ತು ತಂದು ನನಗೆ ಒಪ್ಪಿಸಿದ್ದ ಕಾಲಮ್ಮಿನ ಪ್ಲೇಟು ಬಹುತೇಕ ಅಷ್ಟೇ.

ವಿರೂಪಾಕ್ಷಪ್ಪನವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕಬ್ಬಿಣ ಕಟ್ಟುವವರು ನಾಳೆ ಬರುತ್ತಾರೆ, ಮಿಕ್ಸರ್ ಗ್ಯಾಂಗಿಗೂ ಹೇಳಿಯಾಗಿದೆ, ನಾಳೆ ಮುಂಜಾನೆಯೊಳಗೆ ಪ್ಲೇಟು ಹಾಸದಿದ್ದರೆ ಹುಬ್ಬಳ್ಳಿಯವರನ್ನು ಕರೆಸುತ್ತೇನೆ ಎಂದಷ್ಟೇ ಹೇಳಿ ಹೋದರು.

ಗುಡದಪ್ಪ ಬೇರೆ ಅಂಗಡಿಗಳಲ್ಲಿ ಪ್ಲೇಟು ಹುಡುಕಿದ. ಹಾವೇರಿಗೆ ಫೋನು ಮಾಡಿದ, ಹಿರೇಕೆರೂರಿಗೆ ಮಾಡಿದ. ಎಲ್ಲಿಯೂ ಇಲ್ಲ. ಕೊನೆಗೆ ನನ್ನ ಮುಖ ನೋಡಿದ.

“ಶೇಖಪ್ಪಣ್ಣ, ಮೋಟೆಬೆನ್ನೂರಾಗ ಕಾಲಮ್ಮು ಯಾವಾಗ ತುಂಬ್ಯಾರ?”

“ನಿನ್ನೆ. ಇವತ್ತು ಬಿಚ್ಚಬಹುದು. ಆದ್ರ ಕೇಳಾಕ ಬಾಯಿ ಬರತೈತೇನ ನಿನಗ?”

ಇಬ್ಬರೂ ಹೊರಟೆವು. ಮೋಟೆಬೆನ್ನೂರಿನಲ್ಲಿ ಅಲ್ಲಾಬಕ್ಷನ ಮುಂದೆ ಅವನು ಟವೆಲ್ಲು ಹಿಂಡುತ್ತ ನಿಂತ. ವಿಷಯವೆಲ್ಲ ನಾನೇ ಹೇಳಬೇಕಾಯಿತು. ಅಲ್ಲಾಬಕ್ಷ ಕಾಲಮ್ಮಿಗೆ ಬೆರಳು ಬಡಿದು ನೋಡಿದ, ಬಿಚ್ಚಲು ಆಳುಗಳಿಗೆ ಹೇಳಿದ. ಆಮೇಲೆ ಶಿಷ್ಯನ ಕಡೆ ತಿರುಗಿದ.

“ಪ್ಲೇಟು ಬರತಾವು. ಅವುಗಳ ಜೋಡಿ ನಾನೂ ಬರ್ತೇನಿ. ಮೊದಲ್ನೇ ಬೀಮು, ಕೆಳಗ ಮಂದಿ ನಿಂತಿರ್ತಾರ. ಪ್ಲೇಟು ಹೊತ್ತ ಒಂದು ಟೇಕು ಸರಿದ್ರ ಗತಿ ಏನು? ನೀ ಒಬ್ಬನs ಮಾಡೂದು ಬ್ಯಾಡ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಗುಡದಪ್ಪನಿಗೆ ಚುಚ್ಚಿದ್ದು. ಹೂಂ ಎಂದು, ಬಿಚ್ಚುವ ಆಳುಗಳ ಜೊತೆ ಪ್ಲೇಟಿಗೆ ಕೈ ಹಚ್ಚಿದ.

ಕತ್ತಲಾಗುವುದರೊಳಗೆ ನಾಲ್ಕೂ ಅಂಕಣ ಮುಚ್ಚಿದವು. ಸಾಲದೆ ಬಂದ ಎರಡು ಚದರ ಮೀಟರಿಗೆ ಹಲಗೆ ಬಡಿದರು. ಕಬ್ಬಿಣ ಕಟ್ಟಿ ಸ್ಲ್ಯಾಬಿಗೆ ಕಾಂಕ್ರೀಟು ಸುರಿದರು, ಒಂದು ಕಡೆಯೂ ಸಿಮೆಂಟಿನ ಹಾಲು ಸೋರಲಿಲ್ಲ. ಅಂದು ವಿರೂಪಾಕ್ಷಪ್ಪನವರು “ಮೇಸ್ತ್ರಿ” ಎಂದು ಕೂಗಿದಾಗ ತಿರುಗಿದವರು ಇಬ್ಬರು. ಅವರ ಕಣ್ಣಿದ್ದದ್ದು ಅಲ್ಲಾಬಕ್ಷನ ಮೇಲೆ. ಮೇಲಂತಸ್ತಿನ ಕೆಲಸದ ಮಾತನ್ನೂ ಅವನೊಂದಿಗೇ ಆಡಿದರು.

ಆ ಕೆಲಸಕ್ಕೆ ಪ್ಲೇಟು ಒಯ್ಯಲು ನನ್ನ ಅಂಗಡಿಗೆ ಬಂದವನು ಗುಡದಪ್ಪನೇ. ಈ ಸಲ ಬೀಮಿನ ಮಗ್ಗುಲನ್ನೂ ಸೇರಿಸಿ ಅಳತೆ ಹೇಳಿದ. ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದೆ.

ಅವನು ಪ್ಲೇಟು ಎತ್ತುತ್ತಲೇ, ನನ್ನ ಕಡೆ ನೋಡದೆ ಹೇಳಿದ: “ಉಸ್ತಾದರ ಹೆಸರಿಗೆ ಬರೀರಿ.”